ಮಳೆ ಬಂದೀತು, ಬಸ್ಸು ಹೊರಡಲಿದೆ: ಮುನ್ಸೂಚನೆ ಮತ್ತು ಪ್ರವಾಸದ ಹಾಳೆ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಪ್ರವಾಸೋದ್ಯಮ ಓದುವವರಿಗೆ ನಾನು ಕನ್ನಡ ಕಲಿಸುತ್ತೇನೆ. ಪ್ರತಿ ವರ್ಷ ಒಂದೇ ಕೆಲಸ ಕೊಡುತ್ತೇನೆ. ಒಂದು ಹಾಳೆ ತಗೊಳ್ಳಿ, ಮೇಲಿನ ಅರ್ಧದಲ್ಲಿ ನಾಳಿನ ಹವಾಮಾನ ಬರೆಯಿರಿ, ಕೆಳಗಿನ ಅರ್ಧದಲ್ಲಿ ನಾಳಿನ ಪ್ರವಾಸ ಬರೆಯಿರಿ. ದಾರಿ ಧಾರವಾಡದಿಂದ ಹುಬ್ಬಳ್ಳಿ, ಅಣ್ಣಿಗೇರಿ, ಗದಗ, ಲಕ್ಕುಂಡಿ. ಎರಡೂ ನಾಳೆಯ ಮಾತೇ, ಆದರೆ ಎರಡಕ್ಕೂ ಒಂದೇ ಕ್ರಿಯಾಪದ ಸಲ್ಲುವುದಿಲ್ಲ. ಮೇಲಿನದು ಅಂದಾಜು, ಕೆಳಗಿನದು ಕೊಟ್ಟ ಮಾತು. ಕೆಳಗಿನ ಪ್ರಶ್ನೆಗಳೆಲ್ಲ ಈ ವ್ಯತ್ಯಾಸದಿಂದಲೇ ಹುಟ್ಟಿದವು.

ಭವಿಷ್ಯತ್ಕಾಲ ಅಂದರೆ ‘ಹೋಗುವೆನು, ಬರುವೆನು’ ತಾನೇ? ಉದ್ದಕ್ಕೂ ಅದನ್ನೇ ಬರೆದರೆ ಆಗೋದಿಲ್ಲವೇ ಸರ್?

ವ್ಯಾಕರಣದ ಪುಸ್ತಕದಲ್ಲಿ ಅದೇ ಇದೆ, ತಪ್ಪಲ್ಲ. ಆದರೆ ನಿನ್ನೆ ಸಂಜೆಯಿಂದ ಈವರೆಗೆ ನೀವು ಎಷ್ಟು ಸಲ ‘ಹೋಗುವೆನು’ ಅಂದಿದ್ದೀರಿ, ಎಣಿಸಿ ನೋಡಿ. ಒಮ್ಮೆಯೂ ಇರಲಿಕ್ಕಿಲ್ಲ. ‘ನಾಳೆ ಊರಿಗೆ ಹೋಗ್ತೇನ್ರಿ’ ಅಂದಿರುತ್ತೀರಿ. ಇವತ್ತಿನ ಕನ್ನಡದಲ್ಲಿ ನಾಳಿನ ಮಾತಿನ ಹೆಚ್ಚಿನ ಭಾರವನ್ನು ‘-ುತ್ತ’ ರೂಪವೇ ಹೊರುತ್ತದೆ. ಹೋಗುತ್ತೇವೆ, ತಲುಪುತ್ತೇವೆ, ಇರುತ್ತದೆ. ‘ಹೊರಡುವೆವು, ನೋಡುವಿರಿ’ ಎಂಬ ‘-ುವ’ ರೂಪ ಬರಹಕ್ಕೆ ಸ್ವಲ್ಪ ಮೆರುಗು ಕೊಡುತ್ತದೆ. ‘ಗದಗಿನ ತ್ರಿಕೂಟೇಶ್ವರದ ಆವರಣದಲ್ಲಿ ಸರಸ್ವತಿ ಗುಡಿಯ ಕಂಬಗಳನ್ನು ನೋಡುವಿರಿ’ ಎಂದು ಜಾಹೀರಾತಿನಲ್ಲಿ ಒಂದು ಸಾಲು ಬಂದರೆ ಚೆಂದ. ಹಾಳೆಯ ಎಲ್ಲ ಸಾಲೂ ಹಾಗೇ ಇದ್ದರೆ ಓದುವವರಿಗೆ ಆಮಂತ್ರಣ ಪತ್ರಿಕೆ ಓದಿದಂತೆ ಆಗುತ್ತದೆ.

‘ಬಸ್ಸು ಆರೂವರೆಗೆ ಹೊರಡುತ್ತದೆ’ ಮತ್ತು ‘ಬಸ್ಸು ಆರೂವರೆಗೆ ಹೊರಡಲಿದೆ’, ಎರಡೂ ಒಂದೇ ಅಲ್ಲವೇ?

ಅಲ್ಲ. ಮೊದಲನೆಯದನ್ನು ಸುಮ್ಮನೆ ಓದಿ. ಆ ಬಸ್ಸು ದಿನಾಲೂ ಆರೂವರೆಗೆ ಹೊರಡುವ ಬಸ್ಸು ಅನ್ನಿಸುತ್ತದೆ. ‘-ುತ್ತದೆ’ ರೂಢಿಯನ್ನೂ ಹೇಳುತ್ತದೆ, ನಾಳೆಯನ್ನೂ ಹೇಳುತ್ತದೆ. ಯಾವುದು ಎಂಬುದನ್ನು ಅದರ ಪಕ್ಕ ಕೂತ ಪದ ತೀರ್ಮಾನಿಸಬೇಕು. ‘ಶನಿವಾರ’, ‘ನಾಳೆ’, ‘ದಿನಾಂಕ 5ರಂದು’ ಎಂಬುದು ಬಿಟ್ಟುಹೋದರೆ ಪ್ರವಾಸಿಗೆ ತಪ್ಪು ತಿಳಿವಳಿಕೆ ಆಗುವುದು ಖಂಡಿತ.

‘-ಲಿದೆ’ಗೆ ಆ ತೊಂದರೆ ಇಲ್ಲ. ‘ಹೊರಡಲಿದೆ, ತಲುಪಲಿದ್ದೇವೆ, ಜೊತೆಗಿರಲಿದ್ದಾರೆ’ ಅಂದರೆ ಯಾರೋ ಕೂತು ನಿಶ್ಚಯಿಸಿ ಆಗಿದೆ, ಒಂದು ಸಲ ನಡೆಯುವ ಕೆಲಸ ಎಂದು ಅರ್ಥ. ಪತ್ರಿಕೆಯವರು ‘ಸಚಿವರು ಉದ್ಘಾಟಿಸಲಿದ್ದಾರೆ’ ಎಂದು ಬರೆಯುವುದು ಅದಕ್ಕೇ. ಪ್ರವಾಸದ ಹಾಳೆಯಲ್ಲಿ ಹೊರಡುವ ಹೊತ್ತು, ವಾಹನ, ಗೈಡ್, ಊಟ ಈ ನಾಲ್ಕಕ್ಕೆ ‘-ಲಿದೆ’ ಇಟ್ಟುಕೊಳ್ಳಿ, ನಡುವಿನ ಸಾಲುಗಳಿಗೆ ‘-ುತ್ತೇವೆ’ ಸಾಕು. ಎಲ್ಲದಕ್ಕೂ ‘-ಲಿದೆ’ ಹಚ್ಚಿದರೆ ಊಟವೂ ಉದ್ಘಾಟನೆಯ ಹಾಗೆ ಕೇಳಿಸುತ್ತದೆ.

‘7.15, ಉಣಕಲ್‌ನಲ್ಲಿ ಇಳಿಯುವುದು’ ಎಂದು ಬರೆದಿದ್ದೆ. ನೀವು ಸುತ್ತು ಹಾಕಿದ್ದೀರಿ. ಯಾಕೆ?

ತಪ್ಪು ಅಂತ ಅಲ್ಲ, ಎಚ್ಚರಿಕೆಗೆ. ‘ಇಳಿಯುವುದು’ ಎಂಬ ಒಂದೇ ರೂಪ ಮೂರು ಕೆಲಸ ಮಾಡುತ್ತದೆ. ಹಳೆಯ ಬರಹದಲ್ಲಿ ‘ಅದು ಇಳಿಯುತ್ತದೆ’ ಎಂಬ ಭವಿಷ್ಯ. ಬಾಯಿಮಾತಿನಲ್ಲಿ ‘ಇಳಿಯುವ ಕೆಲಸ’ ಎಂಬ ನಾಮಪದ. ನೋಟಿಸಿನಲ್ಲಿ ಆಜ್ಞೆ: ‘ಎಲ್ಲ ವಿದ್ಯಾರ್ಥಿಗಳು ಹತ್ತು ಗಂಟೆಗೆ ಸಭಾಂಗಣಕ್ಕೆ ಬರುವುದು.’ ವೇಳೆಯ ಮುಂದೆ ಬರೆದಾಗ ಈ ಆಜ್ಞೆಯ ಧ್ವನಿಯೇ ಮುಂದಾಗುತ್ತದೆ. ನಿಮ್ಮ ಸಹಪಾಠಿಗಳಿಗೆ ಕೊಡುವ ಹಾಳೆಯಾದರೆ ನಡೆಯುತ್ತದೆ. ಹಣ ಕೊಟ್ಟು ಬಂದ ಅತಿಥಿಗೆ ‘ಇಳಿಯುವುದು, ನೋಡುವುದು, ಹತ್ತುವುದು’ ಎಂದರೆ ಎನ್‌ಸಿಸಿ ಕ್ಯಾಂಪಿಗೆ ಬಂದಂತೆ ಅನ್ನಿಸೀತು.

ಮುನ್ಸೂಚನೆಯಲ್ಲಿ ‘ಮಧ್ಯಾಹ್ನ ಮಳೆ ಸುರಿಯಲಿದೆ’ ಎಂದು ಬರೆದೆ. ಪೇಪರಿನಲ್ಲಿಯೂ ಹಾಗೇ ಬರೆಯುತ್ತಾರಲ್ಲ?

ಬರೆಯುತ್ತಾರೆ, ಅದು ಅವರ ಅವಸರ. ಹವಾಮಾನ ಇಲಾಖೆ ಹಾಗೆ ಹೇಳಿರುವುದಿಲ್ಲ, ‘ಮಳೆಯಾಗುವ ಸಾಧ್ಯತೆ ಇದೆ’ ಎಂದಿರುತ್ತದೆ. ಹೊರಡಲಿದೆ ಎಂದರೆ ನಿಶ್ಚಯಿಸಿದವರು ಒಬ್ಬರು ಇದ್ದಾರೆ ಎಂದೆನಲ್ಲ, ಮಳೆಯನ್ನು ಯಾರು ನಿಶ್ಚಯಿಸಿದರು? ಅದಕ್ಕೇ ಮೇಲಿನ ಅರ್ಧದಲ್ಲಿ ‘-ಲಿದೆ’ಯನ್ನು ಕೈಬಿಡಿ.

ಸೂರ್ಯನ ಮಾತು ಬೇರೆ. ಅಕ್ಟೋಬರ್ ಮೊದಲ ವಾರ ಗದಗಿನಲ್ಲಿ ಸಂಜೆ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಅಲ್ಲಿ ‘ಮುಳುಗುವ ಸಾಧ್ಯತೆ ಇದೆ’ ಎಂದು ಬರೆದವರೂ ನನ್ನ ತರಗತಿಯಲ್ಲಿ ಇದ್ದರು. ಲೆಕ್ಕದಿಂದ ಗೊತ್ತಾಗುವುದಕ್ಕೆ ‘-ುತ್ತದೆ’, ಆಕಾಶ ನೋಡಿ ಊಹಿಸುವುದಕ್ಕೆ ‘ಸಾಧ್ಯತೆ’ ಅಥವಾ ‘-ಬಹುದು’, ಮನುಷ್ಯರು ಗೊತ್ತು ಮಾಡಿದ್ದಕ್ಕೆ ‘-ಲಿದೆ’.

‘ಒಂದೆರಡು ಕಡೆ ಮಳೆ’ ಅಂದರೆ ಸಣ್ಣ ಮಳೆ ಎಂದೇ?

ಈ ತಪ್ಪನ್ನು ಪ್ರತಿ ವರ್ಷ ಅರ್ಧ ತರಗತಿ ಮಾಡುತ್ತದೆ. ‘ಒಂದೆರಡು ಕಡೆ’ ಎಂಬುದು ಎಷ್ಟು ಜಾಗದಲ್ಲಿ ಎಂಬುದನ್ನು ಹೇಳುತ್ತದೆ, ಎಷ್ಟು ಮಳೆ ಎಂಬುದನ್ನಲ್ಲ. ಇಲಾಖೆಯ ಲೆಕ್ಕದಲ್ಲಿ ಒಂದು ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ನಾಲ್ಕನೇ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆಯಾದರೆ ‘ಒಂದೆರಡು ಕಡೆ’. ಅರ್ಧದವರೆಗೆ ‘ಕೆಲವು ಕಡೆ’, ಮುಕ್ಕಾಲಿನವರೆಗೆ ‘ಹಲವು ಕಡೆ’, ಅದರಾಚೆ ‘ಬಹುತೇಕ ಎಲ್ಲ ಕಡೆ’.

ಮಳೆಯ ಜೋರಿಗೆ ಬೇರೆಯೇ ಪದಗಳಿವೆ. 24 ತಾಸಿನಲ್ಲಿ 15.5 ಮಿ.ಮೀ.ವರೆಗೆ ಹಗುರ, 64.4ರವರೆಗೆ ಸಾಧಾರಣ, 64.5ರಿಂದ ಭಾರಿ. ಹಾಗಾಗಿ ‘ಒಂದೆರಡು ಕಡೆ ಭಾರಿ ಮಳೆ’ ಎಂಬ ಮಾತಿಗೆ ಪೂರ್ತಿ ಅರ್ಥವಿದೆ. ಹುಬ್ಬಳ್ಳಿಯ ಒಂದು ಓಣಿಯಲ್ಲಿ ಗಟಾರ ಉಕ್ಕಿ ಹರಿಯುತ್ತಿರುತ್ತದೆ, ವಿದ್ಯಾನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಮುನ್ಸೂಚನೆ ಎರಡೂ ಕಡೆ ಸರಿಯಾಗಿಯೇ ಇರುತ್ತದೆ. ನೀವು ಬರೆಯುವಾಗ ಜಾಗದ ಪದ ಮತ್ತು ಜೋರಿನ ಪದ ಎರಡನ್ನೂ ಬಿಡದೆ ಬರೆಯಿರಿ. ‘ಸಾಧಾರಣ’ ಎಂಬುದನ್ನು ನಾವು ಮನೆಯಲ್ಲಿ ‘ಅಷ್ಟಕ್ಕಷ್ಟೇ’ ಎಂಬ ಅರ್ಥದಲ್ಲಿ ಆಡುತ್ತೇವೆ, ಆದರೆ 60 ಮಿ.ಮೀ. ಮಳೆಯಲ್ಲಿ ಛತ್ರಿ ಹಿಡಿದು ನಿಂತವರು ಹಾಗೆ ಅನ್ನಲಾರರು.

‘ಶನಿವಾರದ ಮಳೆ’ ಅಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ ತಾನೇ?

ನಮ್ಮ ದೇಶದಲ್ಲಿ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಮಳೆಮಾಪಕವನ್ನು ಆ ಹೊತ್ತಿಗೆ ನೋಡಿ, ಹಿಂದಿನ 24 ತಾಸಿನ ಮಳೆ ಎಂದು ಬರೆದುಕೊಳ್ಳುತ್ತಾರೆ. ದಿನದ ಮುನ್ಸೂಚನೆಯೂ ಹಾಗೇ ಮರುದಿನ 8.30ರವರೆಗೆ ಎಂದು ಇರುತ್ತದೆ. ಆದ್ದರಿಂದ ‘ಶನಿವಾರ ಮಳೆಯಾಗುವ ಸಾಧ್ಯತೆ’ ಎಂದು ಇದ್ದು, ಶನಿವಾರ ಇಡೀ ದಿನ ಬಿಸಿಲು ಬಿದ್ದು, ರವಿವಾರ ನಸುಕಿನ ನಾಲ್ಕಕ್ಕೆ ಮಳೆ ಬಂದರೆ ಮುನ್ಸೂಚನೆ ತಪ್ಪಿಲ್ಲ. ನಿಮ್ಮ ಪ್ರವಾಸ ಬೆಳಿಗ್ಗೆ ಆರೂವರೆಗೆ ಶುರುವಾಗಿ ಸಂಜೆ ಏಳಕ್ಕೆ ಮುಗಿಯುತ್ತದೆ. ಆ ಹನ್ನೆರಡೂವರೆ ತಾಸು ಎರಡು ಮಳೆ-ದಿನಗಳಲ್ಲಿ ಹಂಚಿಹೋಗಿದೆ. ಮೊದಲ ಎರಡು ತಾಸಿಗೆ ಶುಕ್ರವಾರದ ಸಾಲು, ಉಳಿದದ್ದಕ್ಕೆ ಶನಿವಾರದ ಸಾಲು ಓದಬೇಕು. ಬರೆಯುವಾಗ ‘ಶನಿವಾರ’ ಎಂದು ಬಿಡದೆ ‘ಶನಿವಾರ ಮಧ್ಯಾಹ್ನದ ನಂತರ’ ಎಂದು ಹೊತ್ತನ್ನೂ ಸೇರಿಸಿ.

‘ಬಂದಿತು’ ಮತ್ತು ‘ಬಂದೀತು’. ಇದು ಬರೀ ಕಾಗುಣಿತದ ತಪ್ಪು, ಇದಕ್ಕೆ ಎರಡು ಅಂಕ ಕಡಿಯಬೇಕೇ?

ಕಡಿಯಲೇಬೇಕು. ‘ಮಳೆ ಬಂದಿತು’ ಅಂದರೆ ಬಂದು ಹೋಯಿತು. ‘ಮಳೆ ಬಂದೀತು’ ಅಂದರೆ ಬರಬಹುದು, ಹುಷಾರಾಗಿರು. ಒಂದು ದೀರ್ಘ ಬಿಟ್ಟರೆ ನಾಳೆ ನಿನ್ನೆಯಾಗುತ್ತದೆ.

ಈ ರೂಪಕ್ಕೆ ವ್ಯಾಕರಣದಲ್ಲಿ ಸಂಭಾವನಾರ್ಥಕ ಎನ್ನುತ್ತಾರೆ. ವಿಚಿತ್ರವೆಂದರೆ ಇದು ಕಟ್ಟಿಕೊಳ್ಳುವುದು ಭೂತಕಾಲದ ಮೈಯಿಂದ. ಬಂದ, ಬಿದ್ದ, ಸಿಕ್ಕ, ಆದ ಇವಕ್ಕೆ ‘-ಈತು’ ಸೇರಿಸಿದರೆ ಬಂದೀತು, ಬಿದ್ದೀತು, ಸಿಕ್ಕೀತು, ಆದೀತು. ನಾವು ಎನ್ನುವಾಗ ‘ತಡವಾಗಿ ತಲುಪಿಯೇವು’, ಅವರು ಎನ್ನುವಾಗ ‘ಕೇಳಿಯಾರು’. ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗೆ ಇದು ಕಷ್ಟ, ನಮ್ಮ ಕಡೆಯವರಿಗೆ ಹುಟ್ಟಿನಿಂದಲೇ ಬಾಯಲ್ಲಿದೆ. ‘ಕೊಡಿ ತಗೊಂಡು ಹೋಗು, ಮಳಿ ಬಂದೀತು’ ಎಂದು ಅವ್ವ ಅಂದದ್ದು ಕೇಳದವರು ಯಾರು?

ಆ ಅವ್ವನ ಧ್ವನಿಯೇ ಇದರ ಮಿತಿಯೂ ಹೌದು. ‘-ಈತು’ವಿನಲ್ಲಿ ಸಾಧ್ಯತೆಯ ಜೊತೆ ಕಾಳಜಿಯೋ ಅಂಜಿಕೆಯೋ ಬೆರೆತಿರುತ್ತದೆ. ಅದಕ್ಕೇ ಮುನ್ಸೂಚನೆಯ ಅರ್ಧದಲ್ಲಿ ಅದು ಹೊಂದುವುದಿಲ್ಲ. ‘ಉತ್ತರ ಒಳನಾಡಿನಲ್ಲಿ ಮಳೆ ಬಂದೀತು’ ಎಂದರೆ ಇಲಾಖೆ ಕಟ್ಟೆಯ ಮೇಲೆ ಕೂತು ಹೇಳಿದಂತಾಗುತ್ತದೆ. ಪ್ರವಾಸದ ಹಾಳೆಯ ಎಚ್ಚರಿಕೆಯ ಸಾಲಿನಲ್ಲಿ ಮಾತ್ರ ಅದಕ್ಕಿಂತ ಒಳ್ಳೆಯ ರೂಪವಿಲ್ಲ: ‘ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲು ಒದ್ದೆಯಾಗಿದ್ದರೆ ಕಾಲು ಜಾರೀತು.’ ‘ಜಾರುವ ಸಾಧ್ಯತೆ ಇದೆ’ ಎಂದು ಬರೆದು ನೋಡಿ, ಯಾರೂ ಕೆಳಗೆ ನೋಡಿ ಕಾಲಿಡುವುದಿಲ್ಲ.

‘ಮಳೆ ಬರುವುದಿಲ್ಲ’ ಎಂದು ಯಾವಾಗ ಬರೆಯಬಹುದು?

ನನ್ನನ್ನು ಕೇಳಿದರೆ, ಯಾವಾಗಲೂ ಬೇಡ. ಇದನ್ನು ನಾನು ಕಲಿತದ್ದು ಲಕ್ಕುಂಡಿಯಲ್ಲಿ, ನನ್ನ ಹಾಳೆಯಿಂದಲೇ. ಕೆಲ ವರ್ಷದ ಹಿಂದೆ ಹೊರಗಿನಿಂದ ಬಂದ ಒಂದು ಗುಂಪಿಗೆ ದಿನದ ಹಾಳೆ ಬರೆದುಕೊಟ್ಟಿದ್ದೆ. ಮುನ್ಸೂಚನೆಯಲ್ಲಿ ಗದಗ ಜಿಲ್ಲೆಗೆ ಮಳೆಯ ಮಾತೇ ಇರಲಿಲ್ಲ, ನಾನು ಧೈರ್ಯವಾಗಿ ‘ಮಳೆ ಬರುವುದಿಲ್ಲ’ ಎಂದು ಬರೆದೆ. ಮೂರೂವರೆಗೆ ಕಪ್ಪತಗುಡ್ಡದ ಕಡೆಯಿಂದ ಮೋಡ ಎದ್ದು ಬಂತು. ಎಲ್ಲರೂ ಕಾಶಿ ವಿಶ್ವನಾಥ ಗುಡಿಯ ಬಾಗಿಲವಾಡದ ಹತ್ತಿರ ಒತ್ತಿಕೊಂಡು ನಿಂತೆವು. ಹಿರಿಯರೊಬ್ಬರು ಒದ್ದೆ ಹಾಳೆಯನ್ನು ಬಿಡಿಸಿ, ಆ ಸಾಲಿನ ಮೇಲೆ ಬೆರಳಿಟ್ಟು, ಏನೂ ಅನ್ನದೆ ನನ್ನ ಕಡೆ ತೋರಿಸಿದರು. ಶಾಯಿ ಹರಡಿತ್ತು, ಆ ಎರಡು ಪದ ಮಾತ್ರ ನಿಚ್ಚಳವಾಗಿ ಕಾಣುತ್ತಿತ್ತು.

ನಾನು ಬರೆಯಬೇಕಾಗಿದ್ದದ್ದು ‘ಮಳೆ ಬರಲಿಕ್ಕಿಲ್ಲ’. ಬಹುತೇಕ ಬರುವುದಿಲ್ಲ, ಆದರೆ ಕೈ ಹೊಡೆದು ಹೇಳಲಾರೆ ಎಂಬುದು ಅದರ ಅರ್ಥ. ‘ಬರದೇ ಇರಬಹುದು’ ಇನ್ನೂ ಸಡಿಲ, ಅಲ್ಲಿ ಬರುವುದಕ್ಕೂ ಬರದಿರುವುದಕ್ಕೂ ಸರಿಸಮ ಜಾಗವಿದೆ. ‘ಬರಬಾರದು’ ಎಂದರೆ ಮಳೆಗೆ ನಿಷೇಧ ಹಾಕಿದಂತೆ. ಪ್ರವಾಸದ ಅರ್ಧದಲ್ಲಿ ‘-ುವುದಿಲ್ಲ’ ಸರಿಯಾಗಿಯೇ ಇರುತ್ತದೆ, ಏಕೆಂದರೆ ಅದು ನಮ್ಮ ಕೈಯಲ್ಲಿದೆ: ‘ಬಸ್ಸು ತಡವಾಗಿ ಬಂದವರಿಗಾಗಿ ಕಾಯುವುದಿಲ್ಲ.’

‘-ಬಹುದು’ ಬಳಸಿದರೆ ಎಲ್ಲ ಕಡೆ ಸುರಕ್ಷಿತ ಅಲ್ಲವೇ?

ಮುನ್ಸೂಚನೆಯಲ್ಲಿ ಹೌದು. ಪ್ರವಾಸದಲ್ಲಿ ಅಲ್ಲ. ‘ಮಧ್ಯಾಹ್ನ ಡಂಬಳಕ್ಕೆ ಹೋಗಬಹುದು’ ಎಂದು ಬರೆದರೆ ಅತಿಥಿ ಅದನ್ನು ‘ನಿಮಗೆ ಅನುಮತಿ ಇದೆ’ ಎಂದು ಓದುತ್ತಾನೆ, ನೀವು ‘ಹೊತ್ತು ಸಿಕ್ಕರೆ’ ಎಂದು ಬರೆದಿರುತ್ತೀರಿ. ಸಂಜೆ ಅಲ್ಲಿನ ದೊಡ್ಡಬಸಪ್ಪನ ಗುಡಿ ತೋರಿಸಲಿಲ್ಲವೆಂದು ಜಗಳ. ಷರತ್ತನ್ನು ಬಾಯಿಬಿಟ್ಟು ಬರೆಯಿರಿ: ‘ನಾಲ್ಕರೊಳಗೆ ಗದಗಿನಿಂದ ಹೊರಟರೆ ಡಂಬಳಕ್ಕೆ ಹೋಗುತ್ತೇವೆ, ಇಲ್ಲದಿದ್ದರೆ ನೇರ ಹುಬ್ಬಳ್ಳಿಗೆ ಮರಳುತ್ತೇವೆ.’

‘ನಾಳೆ ರಜೆ ಇದೆ’ ಸರಿ, ‘ನಾಳೆ ಬಿಸಿಲು ಇದೆ’ ತಪ್ಪು. ಎರಡರಲ್ಲೂ ‘ಇದೆ’ಯೇ ಇದೆಯಲ್ಲ?

ರಜೆ ಇವತ್ತೇ ನಿಶ್ಚಯವಾಗಿದೆ, ಕ್ಯಾಲೆಂಡರಿನಲ್ಲಿ ಕೂತಿದೆ. ಅದಕ್ಕೇ ವರ್ತಮಾನದ ‘ಇದೆ’ ಸಾಕು. ಬಿಸಿಲು ಇನ್ನೂ ಬಿದ್ದಿಲ್ಲ, ಅದಕ್ಕೆ ‘ಇರುತ್ತದೆ’ ಬೇಕು. ‘ನಾಳೆ ಗೈಡ್ ಇದ್ದಾರೆ’ ಅಂದರೆ ಗೊತ್ತು ಮಾಡಿ ಆಗಿದೆ. ‘ಆಕಾಶ ಮೋಡದಿಂದ ಕೂಡಿದೆ’ ಅಂದರೆ ಈಗ ಕಿಟಕಿಯಿಂದ ನೋಡುತ್ತಿದ್ದೀರಿ, ‘ಕೂಡಿರುತ್ತದೆ’ ಅಂದರೆ ನಾಳಿನದು.

ಒಂದು ಹಾಳೆಯನ್ನು ಪೂರ್ತಿ ಬರೆದು ತೋರಿಸಿ ಸರ್.

ಆಗಲಿ. ಅಕ್ಟೋಬರ್ ಮೊದಲ ವಾರದ ಒಂದು ಶನಿವಾರ ಎಂದುಕೊಳ್ಳಿ. ಮುಂಗಾರು ಹಿಂದೆ ಸರಿಯುವ ಕಾಲ. ಬೆಳಿಗ್ಗೆ ಬಿಸಿಲು ಕಾದು, ನೆಲದ ತೇವವೆಲ್ಲ ಮೇಲೇರಿ, ಮಧ್ಯಾಹ್ನದ ಮೇಲೆ ಗುಡುಗಿನ ಮಳೆಯಾಗುವುದು ಈ ದಿನಗಳ ರೂಢಿ. ಅಭ್ಯಾಸಕ್ಕಾಗಿ ನಾನೇ ಕಟ್ಟಿದ ಮುನ್ಸೂಚನೆ ಇದು:

‘ಶನಿವಾರ ಬೆಳಿಗ್ಗೆ ಆಕಾಶ ಭಾಗಶಃ ಮೋಡದಿಂದ ಕೂಡಿರುತ್ತದೆ. ಮಧ್ಯಾಹ್ನ ಎರಡರ ನಂತರ ಗದಗ ಜಿಲ್ಲೆಯ ಕೆಲವು ಕಡೆ ಗುಡುಗು ಸಹಿತ ಹಗುರದಿಂದ ಸಾಧಾರಣ ಮಳೆಯಾಗುವ ಸಾಧ್ಯತೆ ಇದೆ. ಗರಿಷ್ಠ ಉಷ್ಣಾಂಶ 31 ಡಿಗ್ರಿಯ ಆಸುಪಾಸಿನಲ್ಲಿ ಇರಬಹುದು. ಸೂರ್ಯ ಸಂಜೆ ಆರೂಕಾಲರ ಸುಮಾರಿಗೆ ಮುಳುಗುತ್ತಾನೆ.’

ಈಗ ಕೆಳಗಿನ ಅರ್ಧ. ಹೆಚ್ಚಿನವರು ದಾರಿಯಲ್ಲಿ ಬರುವ ಕ್ರಮದಲ್ಲೇ ಬರೆಯುತ್ತಾರೆ: ಅಣ್ಣಿಗೇರಿ, ಗದಗ, ಊಟ, ಕೊನೆಗೆ ಲಕ್ಕುಂಡಿ. ನಕಾಶೆಗೆ ಸರಿ, ಮೇಲಿನ ಅರ್ಧಕ್ಕೆ ಸರಿಯಲ್ಲ. ಲಕ್ಕುಂಡಿಯಲ್ಲಿ ಗುಡಿಯಿಂದ ಗುಡಿಗೆ ಊರೊಳಗೆ ನಡೆಯಬೇಕು, ಬಾವಿಯ ಮೆಟ್ಟಿಲು ಇಳಿಯಬೇಕು. ಅದು ಎರಡರ ನಂತರದ ಕೆಲಸವಲ್ಲ. ಗದಗಿನ ತ್ರಿಕೂಟೇಶ್ವರದಲ್ಲಿ ಮಳೆ ಬಂದರೂ ನಿಲ್ಲಲು ದೊಡ್ಡ ಮಂಟಪವಿದೆ. ಗದಗ ದಾಟಿ ಲಕ್ಕುಂಡಿ ಸುಮಾರು 12 ಕಿ.ಮೀ. ಅಷ್ಟೇ. ಆದ್ದರಿಂದ ಮೊದಲು ಮುಂದಕ್ಕೆ ಹೋಗಿ, ಆಮೇಲೆ ಹಿಂದಕ್ಕೆ ಬರುವುದು ಜಾಣತನ.

‘ಬಸ್ಸು ಶನಿವಾರ ಬೆಳಿಗ್ಗೆ 6.30ಕ್ಕೆ ಧಾರವಾಡದಿಂದ ಹೊರಡಲಿದೆ. 7.15ಕ್ಕೆ ಉಣಕಲ್‌ನ ಚಂದ್ರಮೌಳೇಶ್ವರ ಗುಡಿ ನೋಡುತ್ತೇವೆ. ಎಂಟಕ್ಕೆ ಹುಬ್ಬಳ್ಳಿಯಲ್ಲಿ ನಾಷ್ಟಾ ಇರಲಿದೆ. 9.45ಕ್ಕೆ ಅಣ್ಣಿಗೇರಿಯ ಅಮೃತೇಶ್ವರ ಗುಡಿ ತಲುಪುತ್ತೇವೆ. ಗದಗಿನಲ್ಲಿ ನಿಲ್ಲದೆ 11.30ಕ್ಕೆ ಲಕ್ಕುಂಡಿಗೆ ಹೋಗುತ್ತೇವೆ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ, ಮುಸುಕಿನ ಬಾವಿ ಈ ಕ್ರಮದಲ್ಲಿ ನೋಡುತ್ತೇವೆ. ಬಾವಿಯ ಮೆಟ್ಟಿಲು ಒದ್ದೆಯಾಗಿದ್ದರೆ ಕಾಲು ಜಾರೀತು, ಮೇಲಿನಿಂದಲೇ ನೋಡಿ. 2 ಗಂಟೆಗೆ ಗದಗಿನಲ್ಲಿ ರೊಟ್ಟಿ ಊಟ ಇರಲಿದೆ. ಗುಡುಗು ಶುರುವಾಗುವ ಹೊತ್ತಿಗೆ ನಾವು ಸೂರಿನ ಕೆಳಗೆ ಇರುತ್ತೇವೆ. ಮೂರಕ್ಕೆ ತ್ರಿಕೂಟೇಶ್ವರ, ನಂತರ ವೀರನಾರಾಯಣ ಗುಡಿ. ಮಳೆ ನಿಲ್ಲದಿದ್ದರೆ ತ್ರಿಕೂಟೇಶ್ವರದಲ್ಲೇ ಉಳಿಯುತ್ತೇವೆ. 4.45ಕ್ಕೆ ಬಸ್ಸು ಗದಗಿನಿಂದ ಮರಳಲಿದೆ. ಏಳರ ಸುಮಾರಿಗೆ ಧಾರವಾಡ ತಲುಪುತ್ತೇವೆ, ದಾರಿಯಲ್ಲಿ ಮಳೆ ಸಿಕ್ಕರೆ ಅರ್ಧ ತಾಸು ತಡವಾದೀತು.’

ಕೊನೆಯ ಸಾಲಿನ ‘ತಲುಪುತ್ತೇವೆ’ ಮತ್ತು ‘ತಡವಾದೀತು’ ಎರಡನ್ನೂ ಒಟ್ಟಿಗೆ ನೋಡಿ. ಒಂದು ಮಾತು ಕೊಡುತ್ತದೆ, ಇನ್ನೊಂದು ಆ ಮಾತಿಗೆ ಮಳೆ ಹಾಕುವ ಕತ್ತರಿಯನ್ನು ಮೊದಲೇ ಹೇಳಿಬಿಡುತ್ತದೆ. ‘ಮಳೆ ನಿಲ್ಲದಿದ್ದರೆ’ ಎಂಬ ಷರತ್ತಿನ ಮುಂದೆ ‘ಉಳಿಯುತ್ತೇವೆ’ ಎಂಬ ಗಟ್ಟಿ ರೂಪ ಇಟ್ಟಿದ್ದೇನೆ. ಷರತ್ತು ಮಳೆಯದು, ತೀರ್ಮಾನ ನಮ್ಮದು.

ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುವ ಹೊತ್ತನ್ನು ಮಾತ್ರ ಹಿಂದಿನ ದಿನ ಫೋನ್ ಮಾಡಿ ಕೇಳಿಕೊಂಡು ಬರೆಯಿರಿ. ಹಳೆಯ ಹಾಳೆಯಿಂದ ನಕಲು ಮಾಡಬೇಡಿ.

ಹಳದಿ ಎಚ್ಚರಿಕೆ ಬಂದರೆ ‘ಪ್ರವಾಸ ರದ್ದಾಗಲಿದೆ’ ಎಂದು ಬರೆಯಬೇಕೇ?

ಹಳದಿ ಎಂದರೆ ಗಮನವಿಡಿ, ಹೊಸ ಸುದ್ದಿ ನೋಡುತ್ತಿರಿ ಎಂದಷ್ಟೇ. ಕಿತ್ತಳೆ ಬಂದರೆ ಸಿದ್ಧರಾಗಿರಿ, ಕೆಂಪು ಬಂದರೆ ಕ್ರಮ ಕೈಗೊಳ್ಳಿ. ಹಳದಿಯ ದಿನ ಲಕ್ಕುಂಡಿಯನ್ನು ಬೆಳಿಗ್ಗೆಗೆ ಸರಿಸಿದರೆ ಸಾಕು. ಗುಡುಗು ಕೇಳಿದ ಮೇಲೆ ಬಯಲಿನಲ್ಲಿ, ಮರದ ಕೆಳಗೆ ಯಾರನ್ನೂ ನಿಲ್ಲಿಸಬೇಡಿ, ಕೊನೆಯ ಗುಡುಗಿನ ನಂತರ ಅರ್ಧ ತಾಸು ಒಳಗೇ ಇರಿ. ಇದನ್ನು ಹಾಳೆಯಲ್ಲಿ ಬರೆಯುವಾಗ ಭವಿಷ್ಯತ್ ರೂಪವೇ ಬೇಡ, ನೇರವಾಗಿ ‘ಇರಿ, ನಿಲ್ಲಬೇಡಿ’ ಎನ್ನಿ.

ಬಸ್ಸಿನಲ್ಲಿ ಮೈಕ್ ಹಿಡಿದು ಹೇಳುವಾಗಲೂ ‘ಹೊರಡಲಿದೆ’ ಎನ್ನಬೇಕೇ? ನಗು ಬರುತ್ತದೆ.

ನಗು ಬರುವುದು ಸರಿಯೇ, ಹಾಳೆಯ ಭಾಷೆ ಬಾಯಿಗೆ ಒಗ್ಗುವುದಿಲ್ಲ. ನಮ್ಮ ಕಡೆಯ ಮಂದಿ ಬಸ್ಸಿನಲ್ಲಿದ್ದರೆ ‘ಹನ್ನೊಂದೂವರಿಗೆ ಲಕ್ಕುಂಡಿ ಮುಟ್ಟತೀವ್ರಿ, ಎರಡರ ಮ್ಯಾಲ ಮಳಿ ಬಂದೀತು, ಕೊಡಿ ಕೈಯಾಗ ಇರ್ಲಿ’ ಎನ್ನಿ. ಬೆಂಗಳೂರು, ಮೈಸೂರು ಕಡೆಯವರಿದ್ದರೆ ‘ತಲುಪ್ತೀವಿ, ಮಳೆ ಬರಬಹುದು, ಛತ್ರಿ ಇಟ್ಕೊಳ್ಳಿ’. ‘ಕೊಡಿ’ ಎಂದರೆ ಅವರು ಏನು ಕೊಡಬೇಕೆಂದು ಜೇಬು ತಡಕುತ್ತಾರೆ.